ಬಲಗಿವಿಯೋ ಎಡಗಿವಿಯೋ: ಮಸ್ಕಿ ಉತ್ಖನನದ ದಾಖಲೆಗಳನ್ನು ಕಾಯುತ್ತಿರುವ ಪತ್ರಾಗಾರದವರಿಗೆ ಒಂದು ಬಹಿರಂಗ ಪತ್ರ



ಮಸ್ಕಿ ಕಡೆಯ ವಳಕಮದಿನ್ನಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ಒಂದು ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ಕಂಡ ಕಪ್ಪು ಬಿಳುಪು ಚಿತ್ರದಲ್ಲಿರುವ ಮನುಷ್ಯ ಯಾರು ಎಂದು ಕೇಳುವುದಕ್ಕಾಗಿ ಈ ಪತ್ರ.

ಚಿತ್ರದ ಕೆಳಗೆ ‘ಮಸ್ಕಿ, ಉತ್ಖನನದ ಒಂದು ನೋಟ’ ಎಂದಷ್ಟೇ ಇದೆ. ಗೀರಿ ನೇರ ಮಾಡಿದ ಮಣ್ಣಿನ ಗೋಡೆ, ಗೋಡೆಗೆ ಆನಿಸಿಟ್ಟ ಕಪ್ಪು ಬಿಳಿ ಪಟ್ಟಿಯ ಅಳತೆಗೋಲು, ಗೋಲಿನ ಪಕ್ಕದಲ್ಲಿ ಒಂದು ಹೆಜ್ಜೆ ಮುಂದಕ್ಕೆ ನಿಂತ ಒಬ್ಬ ಆಳು. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಧೋತರ, ತಲೆಗೆ ಸುತ್ತಿದ ಬಟ್ಟೆ, ಬರಿ ಮೈ, ಬರಿಗಾಲು. ಉತ್ಖನನದಲ್ಲಿ ಚಿತ್ರ ತೆಗೆಯುವ ಮೊದಲು ಗುಂಡಿಯ ಅಂಚು ಕಡಿದು ನೇರ ಮಾಡುತ್ತಾರೆ, ಪುಟ್ಟಿ ಸಲಿಕೆಗಳನ್ನೆಲ್ಲ ಮೇಲೆ ಹಾಕುತ್ತಾರೆ, ನೆಲ ಗುಡಿಸುತ್ತಾರೆ. ಆಮೇಲೆ ಗುಂಡಿ ಎಷ್ಟು ಆಳ ಇದೆ ಎಂದು ನೋಡುವವರಿಗೆ ತಿಳಿಯಲಿ ಅಂತ ಒಬ್ಬ ಆಳನ್ನು ಒಳಗೆ ನಿಲ್ಲಿಸುತ್ತಾರೆ. ಹಾಗೆ ನಿಂತವನು ಕ್ಯಾಮೆರಾ ಕಡೆ ನೋಡಬಾರದು, ಗೋಡೆ ಕಡೆ ಮುಖ ಮಾಡಿರಬೇಕು ಎಂಬುದು ಕಸುಬಿನವರ ರೂಢಿ. ಈತ ಮಾತ್ರ ನೇರ ನಮ್ಮ ಕಡೆಗೇ ನೋಡಿದ್ದಾನೆ. ಗುರುತು ಹಿಡಿಯುವ ಆಸೆ ಹುಟ್ಟಿದ್ದು ಅದರಿಂದಲೇ.

ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಮಾತಿದೆ. ನಮ್ಮ ಮುತ್ಯಾ ಮಸ್ಕಿಯ ದುರ್ಗದಗುಡ್ಡದ ಬುಡದಲ್ಲಿ ಸರ್ಕಾರದವರು ಅಗೆಸಿದಾಗ ಕೂಲಿಗೆ ಹೋಗಿದ್ದ. ಅವನ ಮಗಳು, ನನ್ನ ಸೋದರತ್ತೆ, ಆಗ ಹತ್ತು ಹನ್ನೊಂದು ವರ್ಷದ ಹುಡುಗಿ. ಬುಟ್ಟಿಯಲ್ಲಿ ರೊಟ್ಟಿ ಕಟ್ಟಿಕೊಂಡು ಅಪ್ಪನ ಹಿಂದೆ ಹೋಗಿದ್ದು, ಮಣ್ಣಿನಲ್ಲಿ ಸಿಕ್ಕ ಮಣಿಗಳನ್ನು ಹತ್ತಿಯ ಮೇಲೆ ಇಟ್ಟಿದ್ದನ್ನು ದೂರದಿಂದ ನೋಡಿದ್ದು ಆಕೆಗೆ ಇಂದಿಗೂ ನೆನಪಿದೆ. ಸಂಗ್ರಹಾಲಯದವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹಿಡಿದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಆಕೆಯ ಕೈಗೆ ಕೊಟ್ಟೆ. ಹೊಸ್ತಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮುಖದ ಮೇಲೆ ಬೆರಳಾಡಿಸಿ, “ನಿಂತದ್ದು ನಮ್ಮಪ್ಪನಂಗೇ ಐತಿ” ಅಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ ಬೆರಳು ಕಿವಿಯ ಹತ್ತಿರ ನಿಂತಿತು. “ಆದ್ರ ಕಿವಿ ಹೊಂದವಲ್ದು ನೋಡು. ಒಂಟಿಗೆ ಎತ್ತಿನ ಹಗ್ಗ ಸಿಕ್ಕೊಂಡು ಹರಿದದ್ದು ನಮ್ಮಪ್ಪಂದು ಎಡಗಿವಿ. ಇವಂದು ಬಲಗಿವಿ ಹರದೈತಿ.”

ಹೌದು. ಚಿತ್ರದಲ್ಲಿರುವ ಮನುಷ್ಯನ ಬಲಗಿವಿಯ ಹಾಲೆ ಕೆಳಗೆ ಎರಡು ಹೋಳಾಗಿದೆ. ಅದು ಕಾಗದದ ಕಲೆಯಲ್ಲ, ಸೀಳಿನ ನಡುವೆ ಹಿಂದಿನ ಕತ್ತಿನ ನೆರಳು ಕಾಣುತ್ತದೆ.

ಹಾಗಾದರೆ ಇವನು ನಮ್ಮ ಮುತ್ಯಾ ಅಲ್ಲ ಎಂದು ಮಾತು ಮುಗಿಸಬಹುದಿತ್ತು. ಆದರೆ ಹಳೆಯ ನೆಗೆಟಿವ್‌ನಿಂದ ಅಚ್ಚು ತೆಗೆಯುವಾಗ ಅದನ್ನು ಮಗುಚಿ ಇಟ್ಟರೆ ಇಡೀ ಚಿತ್ರ ಕನ್ನಡಿಯೊಳಗಿನ ಹಾಗೆ ಎಡಬಲ ಅದಲುಬದಲಾಗುತ್ತದೆ. ಅಕ್ಷರ ಬರೆದ ಫಲಕವೊಂದು ಚಿತ್ರದಲ್ಲಿದ್ದರೆ ತಪ್ಪು ಕೂಡಲೇ ಗೊತ್ತಾಗುತ್ತಿತ್ತು. ಇಲ್ಲಿ ಫಲಕವಿಲ್ಲ. ಅಂಗಿ ಇದ್ದಿದ್ದರೆ ಅದರ ಗುಂಡಿ ಯಾವ ಕಡೆ ಇದೆ ಎಂದು ನೋಡಬಹುದಿತ್ತು. ಈತ ಅಂಗಿ ತೊಟ್ಟಿಲ್ಲ. ಅಳತೆಗೋಲಿನ ಪಟ್ಟಿಗಳಿಗೆ ಎಡವೂ ಇಲ್ಲ, ಬಲವೂ ಇಲ್ಲ. ಸಂಗ್ರಹಾಲಯದಲ್ಲಿ ತೂಗುಹಾಕಿರುವುದು ಸುತ್ತಲೂ ಕತ್ತರಿಸಿ ದೊಡ್ಡದು ಮಾಡಿದ ಅಚ್ಚು. ಗೋಡೆ ಮತ್ತು ಮನುಷ್ಯ ಬಿಟ್ಟರೆ ಬೇರೇನೂ ಉಳಿದಿಲ್ಲ. ಹೀಗಾಗಿ ಒಬ್ಬ ಮನುಷ್ಯನ ಗುರುತು ಈಗ ನಿಮ್ಮ ಕಪಾಟಿನಲ್ಲಿರುವ ನೆಗೆಟಿವ್‌ನ ಯಾವ ಮಗ್ಗುಲು ಯಾವ ಕಡೆಗಿದೆ ಎಂಬುದರ ಮೇಲೆ ನಿಂತಿದೆ.

ನೆಗೆಟಿವ್ ಗಾಜಿನದಾಗಲಿ ಫಿಲ್ಮಿನದಾಗಲಿ, ಅದಕ್ಕೆ ಹೊಳೆಯುವ ಮಗ್ಗುಲು ಒಂದು, ಮಂಕಾದ ಮಗ್ಗುಲು ಒಂದು. ಚಿತ್ರ ಮೂಡಿರುವುದು ಮಂಕಾದ ಕಡೆ. ಹೊಳೆಯುವ ಕಡೆಯನ್ನು ನಮ್ಮತ್ತ ಹಿಡಿದು ಬೆಳಕಿಗೆ ಒಡ್ಡಿದರೆ ಎಡ ಎಡವಾಗಿಯೇ, ಬಲ ಬಲವಾಗಿಯೇ ಕಾಣುತ್ತದೆ. ನಿಮ್ಮಲ್ಲಿ ದಿನವೂ ನೆಗೆಟಿವ್ ಮುಟ್ಟುವವರಿಗೆ ಇದು ಅರೆ ನಿಮಿಷದ ಕೆಲಸ. ಹಾಗೆ ಹಿಡಿದಾಗ ಆ ಮನುಷ್ಯನ ಯಾವ ಕಿವಿ ಹರಿದಿದೆ? ನನ್ನ ಮೊದಲ ಪ್ರಶ್ನೆ ಇಷ್ಟೇ.

ಇದರ ಜೊತೆಗೆ ಕತ್ತರಿಸದ ಪೂರ್ತಿ ಚಿತ್ರದ ಪ್ರತಿಯೊಂದನ್ನು, ಅಂಚು ಸಮೇತ, ಕೊಡಿ. ಗುಂಡಿಯ ಮೇಲೆ ಗುಡ್ಡದ ಗೆರೆ ಸ್ವಲ್ಪ ಕಂಡರೂ ಸಾಕು, ಉಳಿದದ್ದನ್ನು ನಾವೇ ನೋಡಿಕೊಳ್ಳುತ್ತೇವೆ. ದುರ್ಗದಗುಡ್ಡದ ಬಂಡೆಗಳು 70 ವರ್ಷದಲ್ಲಿ ಕದಲಿಲ್ಲ. ಚಿತ್ರ ಹಿಡಿದು ಅಲ್ಲಿ ಹೋಗಿ ನಿಂತರೆ ಯಾವ ಬಂಡೆ ಎಡಕ್ಕೆ, ಯಾವುದು ಬಲಕ್ಕೆ ಎಂದು ದನ ಕಾಯುವ ಹುಡುಗನೂ ಹೇಳಬಲ್ಲ. ಅದೇ ಗುಂಡಿಯ ಹಿಂದಿನ, ಮುಂದಿನ ಚಿತ್ರಗಳನ್ನೂ ನೋಡಿ. ಹೀಗೆ ಕೇಳುವುದಕ್ಕೆ ಕಾರಣವಿದೆ. ಒಂದು ಗುಂಡಿಯನ್ನು ಸಾಮಾನ್ಯವಾಗಿ ಒಂದೇ ಚಿತ್ರಕ್ಕೆ ಬಿಡುವುದಿಲ್ಲ. ಅದೇ ಆಳು ಇನ್ನೊಂದು ಚಿತ್ರದಲ್ಲಿ ಮಗ್ಗುಲಾಗಿ ನಿಂತಿರಬಹುದು, ಅವನ ಪಕ್ಕದಲ್ಲಿ ಗುಂಡಿಯ ಸಂಖ್ಯೆ ಬರೆದ ಗೂಟ ಇರಬಹುದು.

ಎರಡನೆಯದು ಚಿತ್ರದ ಕಾಲ. ಮಸ್ಕಿಯಲ್ಲಿ ಅಗೆತ ನಡೆದದ್ದು ಒಮ್ಮೆ ಮಾತ್ರವಲ್ಲ. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇಲ್ಲಿಗೆ ಬಂದು ಹಳೆಯ ಕಾಲದ ವಸ್ತುಗಳನ್ನು ಗುರುತಿಸಿದ್ದರು. 1930ರ ದಶಕದಲ್ಲಿ ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆ ಅಗೆಸಿತು. 1954ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬಿ.ಕೆ. ಥಾಪರ್ ಅಗೆಸಿದರು. ಅವರ ವರದಿ 1957ರ ‘ಏನ್ಶಿಯೆಂಟ್ ಇಂಡಿಯಾ’ ಸಂಚಿಕೆಯಲ್ಲಿ ಬಂತು. ತಾಮ್ರ ಶಿಲಾಯುಗದ ಜನ, ಅವರ ಮೇಲೆ ಬೃಹತ್ ಶಿಲಾ ಸಮಾಧಿಗಳ ಜನ, ಆಮೇಲೆ ಸಾತವಾಹನರ ಕಾಲ, ಕೊನೆಗೆ ಮಧ್ಯಯುಗ ಎಂದು ನಮ್ಮ ಹೊಲಗಳ ಕೆಳಗೆ ಒಂದರ ಮೇಲೊಂದು ಕೂತಿದ್ದ ಬಾಳುವೆಗಳನ್ನು ಬಿಡಿಸಿ ತೋರಿಸಿದ್ದು ಆ ವರದಿಯೇ. ಥಾಪರ್ ಪಳಗಿದ್ದು ಮಾರ್ಟಿಮರ್ ವೀಲರ್ ಅವರ ಗರಡಿಯಲ್ಲಿ. ಚೌಕ ಗುಂಡಿ, ಕತ್ತರಿಸಿದಂತೆ ನೇರ ನಿಂತ ಗೋಡೆ, ಗೋಡೆಯಲ್ಲಿ ಪದರಗಳನ್ನು ಗೀರಿ ತೋರಿಸುವುದು ಆ ಗರಡಿಯ ಗುರುತು. ನಮ್ಮ ಚಿತ್ರದಲ್ಲಿ ಇವೆಲ್ಲ ಇರುವುದರಿಂದ ಇದು 1954ರದು ಎಂದು ನಂಬಿದ್ದೇನೆ. ಆದರೆ ನನ್ನ ನಂಬಿಕೆಗಿಂತ ನಿಮ್ಮ ನೆಗೆಟಿವ್ ರಿಜಿಸ್ಟರಿನ ಒಂದು ಸಾಲು ಹೆಚ್ಚು ತೂಕದ್ದು. ಚಿತ್ರ 1930ರ ದಶಕದ್ದಾದರೆ ಆಗ ನಮ್ಮ ಮುತ್ಯಾ ಇನ್ನೂ ಹುಡುಗ. ನಮ್ಮ ಮನೆಯ ಹಕ್ಕು ಅಲ್ಲಿಗೆ ಮುಗಿಯಿತು, ಆ ಮನುಷ್ಯನನ್ನು ಹಿಂದಿನ ತಲೆಮಾರಿನಲ್ಲಿ ಹುಡುಕಬೇಕು.

ಎತ್ತರವನ್ನು ಅಳೆದು ನೋಡಬಾರದೇ ಎಂದು ಊರಿನ ಹುಡುಗರು ಕೇಳಿದರು. ಅಳೆದೆವು. ನನ್ನ ಪ್ರತಿಯಲ್ಲಿ ಗೋಲಿನ ಒಂದೊಂದು ಪಟ್ಟಿ 11 ಮಿಲಿಮೀಟರ್. ಪಟ್ಟಿಗೆ ಒಂದು ಅಡಿ ಎಂದು ಹಿಡಿದರೆ, ಅಂಗಾಲಿನಿಂದ ತಲೆಯ ಬಟ್ಟೆಯ ತುದಿಯವರೆಗೆ 63 ಮಿಲಿಮೀಟರ್ ಇರುವ ಮನುಷ್ಯ ಸುಮಾರು ಐದು ಅಡಿ ಎಂಟೂವರೆ ಇಂಚು ಎತ್ತರ. ಬಟ್ಟೆಯ ಸುತ್ತಿಗೆ ಎರಡು ಇಂಚು ಕಳೆದರೆ ಐದೂವರೆ ಅಡಿ ದಾಟುತ್ತದೆ. ನಮ್ಮ ಮುತ್ಯಾ ಗಿಡ್ಡ ಆಳು. ಹುಡುಗರು ಸಪ್ಪಗಾದರು. ಆದರೆ ಗೋಲು ಇರುವುದು ಗೋಡೆಗೆ ಆನಿಕೊಂಡು, ಮನುಷ್ಯ ಇರುವುದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಗೋಲು ಕ್ಯಾಮೆರಾದಿಂದ 12 ಅಡಿ ದೂರ, ಮನುಷ್ಯ 11 ಅಡಿ ದೂರ ಎಂದುಕೊಳ್ಳಿ. ಆಗ ಮನುಷ್ಯ ಇರುವುದಕ್ಕಿಂತ ಹನ್ನೊಂದರಲ್ಲಿ ಒಂದು ಪಾಲು ದೊಡ್ಡದಾಗಿ ಕಾಣುತ್ತಾನೆ. ಅದನ್ನು ಕಳೆದರೆ ಬಟ್ಟೆ ಸಮೇತ ಐದು ಅಡಿ ಮೂರು ಇಂಚಿಗೆ ಇಳಿಯುತ್ತಾನೆ. ಕ್ಯಾಮೆರಾ ಎಷ್ಟು ದೂರವಿತ್ತು ಎಂದು ಗೊತ್ತಾಗದ ತನಕ ಈ ಅಳತೆಯಿಂದ ಯಾರನ್ನೂ ಒಳಗೆ ತರಲಾಗದು, ಹೊರಗೂ ಹಾಕಲಾಗದು. ಗುಂಡಿಯ ಉದ್ದಗಲ ನಿಮ್ಮ ನಕ್ಷೆಯಲ್ಲಿ ಇದ್ದರೆ ಆ ದೂರವನ್ನು ಹತ್ತಿರ ಹತ್ತಿರ ಲೆಕ್ಕ ಹಾಕಬಹುದು.

ಮೂರನೆಯದು ಹೆಸರು. ಸರ್ಕಾರಿ ಕೆಲಸ ಎಂದ ಮೇಲೆ ಹಾಜರಿ ಪಟ್ಟಿ ಇದ್ದಿರಬೇಕು, ಮಜೂರಿ ಕೊಟ್ಟಾಗ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿಸಿಕೊಂಡಿರಬೇಕು. ಚಿತ್ರದ ಸಾಲಿನಲ್ಲಿ ಗುಂಡಿ ಮತ್ತು ತಾರೀಖು ಸಿಕ್ಕರೆ, ಆ ದಿನ ಆ ಗುಂಡಿಯಲ್ಲಿ ದುಡಿದವರ ಪಟ್ಟಿಗೆ ಹೋಗಬಹುದು. ಈಜಿಪ್ಟಿನಲ್ಲಿ ಇಂಥ ಕೆಲಸ ಆಗಿದೆ. ಫ್ಲಿಂಡರ್ಸ್ ಪೆಟ್ರಿ ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದ ಕೂಲಿ ಪಟ್ಟಿಗಳಿಂದ ಸ್ಟೀಫನ್ ಕ್ವಿರ್ಕ್ ಎಂಬ ವಿದ್ವಾಂಸರು ಅಗೆದವರ ಹೆಸರುಗಳನ್ನು ಹೊರತೆಗೆದು 2010ರಲ್ಲಿ ಪುಸ್ತಕವನ್ನೇ ಮಾಡಿದರು. ಪೆಟ್ರಿ ತೀರಾ ನಂಬುತ್ತಿದ್ದ ಅಲಿ ಸುಯೆಫಿ ಎಂಬ ಕೆಲಸಗಾರನ ಹೆಸರು ಈಗ ಆ ಕಸುಬಿನವರೆಲ್ಲರಿಗೂ ಗೊತ್ತು. ಅದು ಸಾಧ್ಯವಾದದ್ದು ಕೂಲಿ ಲೆಕ್ಕದ ಹಾಳೆಗಳನ್ನು ಯಾರೂ ಎಸೆಯಲಿಲ್ಲವಾದ್ದರಿಂದ.

ನಮ್ಮ ಪಟ್ಟಿ ಉಳಿದಿದ್ದರೂ ಅದರಲ್ಲಿ ಹೆಸರು ಹುಡುಕುವುದಕ್ಕೆ ನಮ್ಮ ಕಡೆಯ ತಿಳಿವಳಿಕೆ ಬೇಕಾಗುತ್ತದೆ. 1954ರಲ್ಲಿ ಮಸ್ಕಿ ಲಿಂಗಸುಗೂರು ತಾಲೂಕಿನಲ್ಲಿತ್ತು, ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ನಾವು ಸೇರಿದ್ದು 1956ರ ನವೆಂಬರ್ 1ರಂದು. ಲೆಕ್ಕ ಬರೆದ ಗುಮಾಸ್ತ ಇಂಗ್ಲಿಷಿನಲ್ಲಿ ಬರೆದಿರಬಹುದು, ಉರ್ದುವಿನಲ್ಲಿ ಬರೆದಿರಬಹುದು. ಹಿಂದಿನ ಅಗೆತದ್ದಾದರೆ ಉರ್ದುವೇ ಹೆಚ್ಚು. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಳ ಮತ್ತು ಣ ಅಕ್ಷರಗಳಿಗೆ ಅಲ್ಲಿ ಜಾಗವಿಲ್ಲ, ಅವು ಲ ಮತ್ತು ನ ಆಗುತ್ತವೆ. ಉದಾಹರಣೆಗೆ, ದುರುಗಪ್ಪ ಎಂದು ಕೂಗಿಸಿಕೊಂಡವನು ಹಾಳೆಯ ಮೇಲೆ ದ, ರ, ಗ, ಪ, ಆ ಎಂಬ ಐದು ಅಕ್ಷರವಾಗುತ್ತಾನೆ. ಓದುವವರು ದರ್ಗಪ್ಪ ಎಂದೂ ಓದಬಹುದು, ದಿರಗಪ್ಪ ಎಂದೂ ಓದಬಹುದು. ವಳಕಮದಿನ್ನಿಯ ಮೊದಲ ಅಕ್ಷರ ಓ ಆಗಿಯೂ ಉ ಆಗಿಯೂ ಕಾಣುತ್ತದೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ವಾಲ್ಕಮ್ ದಿನ್ನಿ, ವಲ್ಕಮ್‌ದಿನಿ ಎಂದೆಲ್ಲ ಸಿಗಬಹುದು. ಊರಿನ ಹೆಸರು ಹಾಗೆಯೇ ಇರಲಿಕ್ಕಿಲ್ಲ, ಕೊನೆಯ ‘ದಿನ್ನಿ’ಯನ್ನು ಹಿಡಿದು ಹುಡುಕಬೇಕು. ದಿನ್ನಿ ಎಂದರೆ ನಮ್ಮಲ್ಲಿ ದಿಬ್ಬ. ಹಾಗೆ ಕೊನೆಯಾಗುವ ಊರುಗಳು ಈ ಸುತ್ತಿನಲ್ಲಿ ಇನ್ನೂ ಇವೆ, ಅವುಗಳನ್ನು ಒಂದಕ್ಕೊಂದು ಬೆರೆಸಬಾರದು.

ಹೆಸರು ಸಿಕ್ಕ ಮಾತ್ರಕ್ಕೆ ಮನುಷ್ಯ ಸಿಕ್ಕ ಎನ್ನುವಂತೆಯೂ ಇಲ್ಲ. ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ. ಒಂದು ಓಣಿಯಲ್ಲಿ ಒಂದೇ ಹೆಸರಿನ ಮೂವರು ಸಿಗುತ್ತಾರೆ. ತಂದೆಯ ಹೆಸರು, ಊರು ಎರಡೂ ಹೊಂದಿದರೆ ಮಾತ್ರ ನಂಬಬಹುದು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ನಿಮಗೆ ಹೇಳಬೇಕು. ಚಿತ್ರವನ್ನು ಮೊದಲು ಮನೆಮಂದಿಯೆಲ್ಲ ಕೂತಿದ್ದಾಗ ತೋರಿಸಿದೆ. ಅತ್ತೆ “ನಮ್ಮಪ್ಪನಂಗೇ” ಅಂದ ಕೂಡಲೇ ಉಳಿದವರೆಲ್ಲ ಹೌದೆಂದರು. ಮುತ್ಯಾ ಸತ್ತ ಮೇಲೆ ಹುಟ್ಟಿದವರೂ ಹೌದೆಂದರು. ಅದು ಸಾಕ್ಷಿಯಲ್ಲ, ಪ್ರೀತಿ. ಆಮೇಲೆ ಬುದ್ಧಿ ಬಂದು, ಸುತ್ತಲ ಊರುಗಳ ಐದು ಮಂದಿ ಹಿರಿಯರನ್ನು ಬೇರೆ ಬೇರೆಯಾಗಿ ಕಂಡು, ಯಾರ ಹೆಸರನ್ನೂ ಎತ್ತದೆ, ಚಿತ್ರವನ್ನು ಮುಂದಿಟ್ಟು ಸುಮ್ಮನೆ ಕೂತೆ. ಇಬ್ಬರು ನಮ್ಮ ಮುತ್ಯಾನ ಹೆಸರು ಹೇಳಿದರು. ಒಬ್ಬರು ಹಳ್ಳದ ಆಚೆಯ ಊರಿನ ಇನ್ನೊಬ್ಬನ ಹೆಸರು ಹೇಳಿದರು. ಇಬ್ಬರು ಗೊತ್ತಿಲ್ಲ ಎಂದರು. ಆಚೆ ಊರಿನ ಆ ಮನೆಗೂ ಹೋದೆ. ಅವರ ಅಜ್ಜನೂ ಅದೇ ಕೆಲಸಕ್ಕೆ ಹೋಗಿದ್ದನಂತೆ. ಅವನ ಬಲಗಿವಿಯ ಒಂಟಿಯ ತೂತು ಹರಿದಿತ್ತು ಎಂದು ಆ ಮನೆಯ ಹಿರಿಯ ಸೊಸೆ, ನಾನು ಕೇಳುವ ಮೊದಲೇ, ಹೇಳಿದಳು.

ಆದ್ದರಿಂದ ನಾನು ನಮ್ಮ ಮುತ್ಯಾನ ಚಿತ್ರ ಕೊಡಿ ಎಂದು ಕೇಳುತ್ತಿಲ್ಲ. ಆ ಮನುಷ್ಯ ಯಾರ ಮನೆಯವನು ಎಂಬುದು ತಿಳಿಯಬೇಕು. ಎರಡೂ ಹೆಸರುಗಳನ್ನು ಈ ಬಹಿರಂಗ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ನಾಳೆ ಚಿತ್ರ ನೋಡುವವರಿಗೆ ಉತ್ತರ ಹೇಳಿಕೊಟ್ಟಂತಾಗುತ್ತದೆ. ಎರಡೂ ಮನೆಯವರು ಸೇರಿ ಹೆಸರು, ತಂದೆಯ ಹೆಸರು, ಊರು ಬರೆದ ಎರಡು ಮುಚ್ಚಿದ ಲಕೋಟೆಗಳನ್ನು ನಿಮಗೆ ಕಳಿಸುತ್ತೇವೆ. ನೀವು ಮೊದಲು ನಿಮ್ಮ ಪಟ್ಟಿ ನೋಡಿ, ಸಿಕ್ಕದ್ದನ್ನು ಬರೆದಿಡಿ, ಆಮೇಲೆ ಲಕೋಟೆ ಒಡೆಯಿರಿ.

ತಪ್ಪು ಗುರುತು ಒಮ್ಮೆ ಊರಿದರೆ ಕೀಳುವುದು ಕಷ್ಟ. ತುತಾಂಖಾಮೆನ್ ಗೋರಿಯ ಒಡವೆಯನ್ನು ಕೊರಳಿಗೆ ಹಾಕಿಕೊಂಡ ಒಬ್ಬ ಹುಡುಗನ ಚಿತ್ರವನ್ನು ಹ್ಯಾರಿ ಬರ್ಟನ್ ತೆಗೆದಿದ್ದರು. ಆ ಹುಡುಗ ತಾನೇ ಎಂದು ಹುಸೇನ್ ಅಬ್ದುಲ್ ರಸೂಲ್ ಎಂಬುವರು ಹೇಳಿಕೊಂಡು ಬಂದರು, ಪ್ರವಾಸಿಗರೂ ನಂಬಿದರು. ಚಿತ್ರದ ಇತಿಹಾಸ ಬಲ್ಲ ವಿದ್ವಾಂಸರು ಮಾತ್ರ ಅದನ್ನು ಪೂರ್ತಿ ಒಪ್ಪಿಲ್ಲ. ನಮ್ಮ ಎರಡು ಮನೆಗಳ ನಡುವೆ ಅಂಥದು ಆಗುವುದು ಬೇಡ.

ಲೆಕ್ಕದ ಹಾಳೆಗಳನ್ನು ಇಷ್ಟು ವರ್ಷ ಇಡಬೇಕು ಎಂಬ ನಿಯಮ ಕಚೇರಿಗಳಲ್ಲಿ ಇರುತ್ತದೆ, ಅವಧಿ ಮುಗಿದ ಮೇಲೆ ಅವನ್ನು ನಾಶ ಮಾಡುತ್ತಾರೆ. 1954ರ ಮಜೂರಿ ಪಟ್ಟಿಯೂ ಹಾಗೆ ಹೋಗಿದ್ದರೆ, ಹೋಗಿದೆ ಎಂದು ಒಂದು ಸಾಲು ಬರೆದು ತಿಳಿಸಿ. ಅದೂ ನಮಗೆ ಉತ್ತರವೇ. ಆಗ ಗೋಡೆಯ ಮೇಲಿನ ಬರಹದಲ್ಲಿ ಇಷ್ಟು ಸೇರಿಸಬಹುದು: ಮಸ್ಕಿ ಸುತ್ತಲಿನ ಊರಿನ ಕೂಲಿಕಾರ, ಕಚೇರಿ ದಾಖಲೆಯಲ್ಲಿ ಹೆಸರು ಉಳಿದಿಲ್ಲ, ಎರಡು ಮನೆಯವರು ತಮ್ಮ ಹಿರಿಯನೆಂದು ಹೇಳುತ್ತಾರೆ. ಈ ಮೂರು ಮಾತೂ ನಿಜ.

ಮಸ್ಕಿಯವರಿಗೆ ಹೆಸರಿನ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆ ಬಿರುದುಗಳ ರಾಜ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಊಹಿಸಿದರು. ಊಹೆ ಸರಿಯಿತ್ತು, ಆದರೆ ಅವನದೇ ಶಾಸನಗಳಲ್ಲಿ ಆ ಹೆಸರು ಸಿಕ್ಕಿರಲಿಲ್ಲ. 1915ರ ಜನವರಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಎಷ್ಟೋ ವರ್ಷಗಳ ಮೇಲೆ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು. ಸುಮಾರು 78 ವರ್ಷ ಒಳ್ಳೆಯ ಊಹೆಯಾಗಿ ನಿಂತಿದ್ದ ಮಾತನ್ನು ನಮ್ಮ ಗುಡ್ಡದ ಒಂದು ಸಾಲು ಖಾತ್ರಿ ಮಾಡಿತು. ಅದೇ ಊರಿನ ಮಣ್ಣು ಅಗೆದವನ ವಿಷಯದಲ್ಲಿ ನಾವು ಕೇಳುತ್ತಿರುವುದೂ ಅಂಥದೇ ಒಂದು ಸಾಲು.

ಅತ್ತೆಗೆ ಈಗ ಎಂಬತ್ತು ದಾಟಿದೆ. ಒಂದು ಕಣ್ಣಿಗೆ ಪೊರೆ ಬಂದಿದೆ. ಆಚೆ ಊರಿನ ಸೊಸೆಗೂ ಅಷ್ಟೇ ವಯಸ್ಸು. ಮುಖ ನೋಡಿ ಹೇಳಬಲ್ಲವರು ಈ ಸುತ್ತಿನಲ್ಲಿ ಈ ಇಬ್ಬರ ಜೊತೆಗೆ ಇನ್ನು ನಾಲ್ಕೈದು ಮಂದಿ ಇದ್ದಾರು, ಹೆಚ್ಚಿಲ್ಲ. ರಿಜಿಸ್ಟರು, ಪಟ್ಟಿ, ನಕ್ಷೆಗಳನ್ನು ಹುಡುಕುವುದಕ್ಕೆ ನಿಮಗೆ ಬೇಕಾದಷ್ಟು ಕಾಲ ತೆಗೆದುಕೊಳ್ಳಿ. ನೆಗೆಟಿವ್ ಒಂದನ್ನು ಮಾತ್ರ ಈ ವಾರವೇ ಹೊರಗೆ ತೆಗೆದು, ಹೊಳೆಯುವ ಮಗ್ಗುಲನ್ನು ನಿಮ್ಮ ಕಡೆ ಹಿಡಿದು, ಹರಿದಿರುವುದು ಎಡಗಿವಿಯೋ ಬಲಗಿವಿಯೋ ಎಂದು ಬರೆದು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ವಳಕಮದಿನ್ನಿಯ ಒಬ್ಬ ಮೊಮ್ಮಗ